ಗುಂಪಿನ ಫೋಟೋದಲ್ಲಿ ಒಬ್ಬರ ಉಡುಪನ್ನು ಮಾತ್ರ ಬದಲಾಯಿಸಬೇಕು: ‘ಇವರೇ’ ಎಂದು ಪ್ರಾಂಪ್ಟಿನಲ್ಲಿ ತೋರಿಸುವುದು ಹೇಗೆ?

ಹೊಳೆದಂಡೆ

ನಮ್ಮ ಮನೆಯ ಗೃಹಪ್ರವೇಶದ ದಿನ ಮೊಬೈಲಿನಲ್ಲಿ ತೆಗೆದ ಒಂದು ಗುಂಪಿನ ಫೋಟೋ ಇದೆ. ಹಿಂದಿನ ಸಾಲಿನಲ್ಲಿ ಎಂಟು ಜನ ನಿಂತಿದ್ದಾರೆ, ಮುಂದೆ ಕುರ್ಚಿಗಳಲ್ಲಿ ಆರು ಜನ ಕುಳಿತಿದ್ದಾರೆ, ಅಜ್ಜಿಯ ಮಡಿಲಲ್ಲಿ ಒಂದು ಮಗುವಿದೆ. ಭಾವನವರು ರಾತ್ರಿ ಬಸ್ಸಿನಲ್ಲಿ ಬಂದು ನೇರವಾಗಿ ಫೋಟೋಗೆ ನಿಂತದ್ದರಿಂದ ಅವರೊಬ್ಬರು ಮಾತ್ರ ಕಡುನೀಲಿ ಟೀ ಶರ್ಟ್ ಮತ್ತು ಜೀನ್ಸಿನಲ್ಲಿದ್ದಾರೆ. ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಹಜಾರದಲ್ಲಿ ತೂಗುಹಾಕುವ ಮೊದಲು ತಮಗೆ ಬಿಳಿ ಅಂಗಿ, ಪಂಚೆ, ಶಲ್ಯ ಹಾಕಿಸಿಕೊಡಬೇಕೆಂದು ಅವರೇ ಕೇಳಿದ್ದಾರೆ.

ಬರೆದು ಹೇಳಿದರೆ ಚಿತ್ರವನ್ನು ತಿದ್ದಿಕೊಡುವ ಒಂದು ಆ್ಯಪಿಗೆ ಈ ಫೋಟೋ ಕೊಟ್ಟು, ಕೆಳಗಿನಂತೆ ಬರೆದೆ.

```
ನನ್ನ ಭಾವನ ಟೀ ಶರ್ಟ್ ತೆಗೆದು ಬಿಳಿ ಅಂಗಿ, ಪಂಚೆ, ಶಲ್ಯ ಹಾಕು.
ಅವರು ಎಡದಿಂದ ಮೂರನೆಯವರು.
```

ಮೊದಲ ಸಲ ಮುಂದಿನ ಸಾಲಿನಲ್ಲಿ ಕುಳಿತ ಚಿಕ್ಕಪ್ಪನವರ ಜುಬ್ಬಾ ಬದಲಾಯಿತು. ‘ನೀಲಿ ಬಟ್ಟೆಯವರು’ ಎಂದು ಸೇರಿಸಿದ ಮೇಲೆ ಭಾವನ ಜೊತೆಗೆ, ಅವರ ಪಕ್ಕದಲ್ಲಿ ತಿಳಿನೀಲಿ ಕುರ್ತಾ ತೊಟ್ಟು ನಿಂತಿರುವ ತಮ್ಮನಿಗೂ ಬಿಳಿ ಅಂಗಿ ಬಂತು. ಮತ್ತೊಂದು ಚಿತ್ರದಲ್ಲಿ ಭಾವನವರು ಹಿಂದಿನ ಸಾಲನ್ನು ಬಿಟ್ಟು ಕುರ್ಚಿಗಳ ನಡುವೆಯೇ ಪಂಚೆ ಉಟ್ಟು ನಿಂತಿದ್ದರು. ಇದಕ್ಕೆಲ್ಲ ನಾನು ಬರೆಯುವ ರೀತಿ ಕಾರಣವೋ, ಆ್ಯಪಿನ ಮಿತಿ ಕಾರಣವೋ ತಿಳಿಯುತ್ತಿಲ್ಲ.

ಅರಳಿಕಟ್ಟೆ

ಇಷ್ಟೆಲ್ಲ ಬರೆಯುವ ಅಗತ್ಯವೇ ಇಲ್ಲ. ಫೋನಿನ ಗ್ಯಾಲರಿಯಲ್ಲಿರುವ ಪೆನ್ನಿನಿಂದ ಭಾವನವರ ಸುತ್ತ ಕೆಂಪು ವೃತ್ತ ಎಳೆದು, ‘ಕೆಂಪು ವೃತ್ತದೊಳಗಿನವರ ಬಟ್ಟೆ ಬದಲಾಯಿಸು’ ಎಂದರೆ ಸಾಕು. ನಾನು ಯಾವಾಗಲೂ ಹೀಗೆಯೇ ಮಾಡುತ್ತೇನೆ.

ಛಾಯಾಬಿಂಬ

ವೃತ್ತದ ಉಪಾಯ ಎಷ್ಟೋ ಸಲ ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂತಹ ಇಕ್ಕಟ್ಟಾದ ಫೋಟೋದಲ್ಲಿ ಒಬ್ಬರ ಸುತ್ತ ಎಳೆದ ವೃತ್ತದೊಳಗೆ ಪಕ್ಕದವರ ಅರ್ಧ ಭುಜ, ಹಿಂದಿನ ತೋರಣ, ಮುಂದೆ ಕುಳಿತವರ ತಲೆ ಎಲ್ಲವೂ ಬಂದುಬಿಡುತ್ತವೆ. ಮೇಲಾಗಿ, ಆ ಗೆರೆಯೂ ಚಿತ್ರದ ಭಾಗವೇ ಆದ್ದರಿಂದ, ಅದನ್ನು ಅಳಿಸಲು ಹೇಳದಿದ್ದರೆ ಫಲಿತಾಂಶದಲ್ಲಿ ಹಾಗೆಯೇ ಉಳಿಯುವುದುಂಟು. ಅಳಿಸಲು ಹೇಳಿದರೆ ಗೆರೆ ಹಾದುಹೋದ ಕಡೆಯಲ್ಲೆಲ್ಲ ಮುಖ, ಕೈ, ಸೀರೆಯಂಚುಗಳನ್ನು ಆ್ಯಪಿನ ಹಿಂದಿರುವ ಎಐ ಮಾದರಿ ಹೊಸದಾಗಿ ಊಹಿಸಿ ಬರೆಯಬೇಕಾಗುತ್ತದೆ. ಗುರುತು ಹಾಕಲೇಬೇಕಿದ್ದರೆ ವೃತ್ತಕ್ಕಿಂತ, ಎದೆಯ ಮೇಲೆ, ಹೇಗೂ ಬದಲಾಗಲಿರುವ ಟೀ ಶರ್ಟಿನ ಒಳಗೇ ಒಂದು ಸಣ್ಣ ಚುಕ್ಕೆ ಇಡುವುದು ಮೇಲು. ಅಂಗಿ ಬದಲಾದಾಗ ಚುಕ್ಕೆಯೂ ಹೋಗುತ್ತದೆ, ಬೇರೆ ಯಾವುದಕ್ಕೂ ಗಾಯವಾಗುವುದಿಲ್ಲ.

ಈಗ ಹೊಳೆದಂಡೆಯವರ ಪ್ರಾಂಪ್ಟಿಗೆ ಬರುತ್ತೇನೆ. ‘ನನ್ನ ಭಾವ’ ಎಂಬುದು ಮಾದರಿಗೆ ಏನನ್ನೂ ತಿಳಿಸುವುದಿಲ್ಲ, ಏಕೆಂದರೆ ಸಂಬಂಧವು ಪಿಕ್ಸೆಲ್‌ಗಳಲ್ಲಿ ಕಾಣುವ ವಸ್ತುವಲ್ಲ. ‘ಎಡದಿಂದ ಮೂರನೆಯವರು’ ಎನ್ನುವಾಗ ನಿಮ್ಮ ಮನಸ್ಸಿನಲ್ಲಿ ಹಿಂದಿನ ಸಾಲಿತ್ತು, ಆದರೆ ನೀವು ಸಾಲನ್ನು ಹೇಳಲಿಲ್ಲ. ಎರಡೂ ಸಾಲಿನಲ್ಲಿ ಮೂರನೆಯವರಿದ್ದಾರೆ. ಮುಂದಿನ ಸಾಲಿನವರು ಪೂರ್ತಿಯಾಗಿ, ದೊಡ್ಡದಾಗಿ ಕಾಣುತ್ತಾರೆ. ಪಂಚೆ ಉಡಿಸಲು ಅವರಲ್ಲೇ ಜಾಗವೂ ಇದೆ. ಹಾಗಾಗಿ ಚಿಕ್ಕಪ್ಪನವರು ಸಿಕ್ಕಿದ್ದು ಆಶ್ಚರ್ಯವಲ್ಲ. ಎಣಿಕೆ ಐದಾರು ಜನರನ್ನು ದಾಟಿದರೆ ಅಥವಾ ನಡುವೆ ಮಡಿಲ ಮಗು, ಇಣುಕುವ ತಲೆ ಇದ್ದರೆ, ಇವತ್ತಿನ ಒಳ್ಳೆಯ ಮಾದರಿಗಳೂ ಎಡವುತ್ತವೆ. ಆದ್ದರಿಂದ ಎಣಿಕೆಯನ್ನು ಏಕೈಕ ಗುರುತಾಗಿ ಎಂದೂ ಬಳಸಬಾರದು.

‘ನೀಲಿ ಬಟ್ಟೆ’ ಎಂದಾಗ ಇನ್ನೊಂದು ಸಮಸ್ಯೆ ಬಂತು: ನೀಲಿಯಲ್ಲಿ ಇಬ್ಬರಿದ್ದಾರೆ. ನಾನು ಪಾಲಿಸುವ ಕ್ರಮವೆಂದರೆ, ಆ ಚೌಕಟ್ಟಿನೊಳಗೆ ಬೇರೆ ಯಾರಿಗೂ ಹೊಂದದ ಒಂದು ಲಕ್ಷಣವನ್ನು ಮೊದಲು ಹುಡುಕುವುದು, ಅದಕ್ಕೆ ಸಾಲು ಮತ್ತು ನೆರೆಯವರನ್ನು ಸೇರಿಸುವುದು. ಬರೆದ ಮೇಲೆ, ಈ ಕುಟುಂಬವನ್ನು ಎಂದೂ ನೋಡಿರದ ಒಬ್ಬರಿಗೆ ಫೋಟೋ ಮತ್ತು ಆ ಒಂದೇ ವಾಕ್ಯವನ್ನು ಕೊಟ್ಟರೆ ಅವರು ತಡವರಿಸದೆ ಬೆರಳಿಟ್ಟು ತೋರಿಸಬಲ್ಲರೇ ಎಂದು ಯೋಚಿಸಬೇಕು. ನಿಮ್ಮ ಭಾವನವರ ಅಕ್ಕಪಕ್ಕ ಯಾರಿದ್ದಾರೆ, ಅವರು ಕನ್ನಡಕ, ಗಡ್ಡ ಅಂತಹದ್ದೇನಾದರೂ ಹೊಂದಿದ್ದಾರೆಯೇ, ಸೊಂಟದ ಕೆಳಗೆ ಎಷ್ಟು ಕಾಣುತ್ತದೆ, ಇಷ್ಟನ್ನು ತಿಳಿಸಿ.

ಹೊಳೆದಂಡೆ

ಅವರ ಎಡಕ್ಕೆ ಹಸಿರು ಸೀರೆಯ ಅತ್ತೆ, ಬಲಕ್ಕೆ ತಿಳಿನೀಲಿ ಕುರ್ತಾದ ತಮ್ಮ. ಭಾವನವರು ಕನ್ನಡಕ ಹಾಕಿದ್ದಾರೆ; ಹಿಂದಿನ ಸಾಲಿನಲ್ಲಿ ಕನ್ನಡಕ ಹಾಕಿದ ಗಂಡಸು ಅವರೊಬ್ಬರೇ. ತಮ್ಮನ ಒಂದು ಕೈ ಅವರ ಭುಜದ ಮೇಲಿದೆ. ಸೊಂಟದವರೆಗೆ ಕಾಣುತ್ತಾರೆ, ಕೆಳಗೆ ಎರಡು ಕುರ್ಚಿಗಳ ಸಂದಿಯಲ್ಲಿ ಜೀನ್ಸಿನ ಒಂದು ಪಟ್ಟಿಯಷ್ಟೇ ಕಾಣುತ್ತದೆ.

ತುಂಗಾತೀರ

ಇಲ್ಲಿ ಎಡ ಎಂದರೆ ಯಾರ ಎಡ? ಫೋಟೋ ನೋಡುವ ನಮ್ಮ ಎಡವೋ, ಫೋಟೋದಲ್ಲಿರುವ ಭಾವನವರ ಎಡಗಡೆಯೋ? ಮದುವೆ ಆಲ್ಬಂ ಮಾಡುವವರೊಡನೆ ನಮ್ಮ ಮನೆಯವರು ಇದೇ ವಿಷಯಕ್ಕೆ ವಾದ ಮಾಡಿದ್ದನ್ನು ಕಂಡಿದ್ದೇನೆ. ಯಂತ್ರಕ್ಕೂ ಈ ಗೊಂದಲ ಇರಬಹುದಲ್ಲವೇ?

ಇನ್ನೊಂದು ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡ ಮೇಲೆ ತೆಗೆದ ಮನೆಮಂದಿಯ ಫೋಟೋದಲ್ಲಿ, ಅವರ ಹಳೆಯ ಫೋಟೋದಿಂದ ಅವರನ್ನು ತಂದು ನಡುವೆ ಕೂರಿಸಲು ಇದೇ ಕ್ರಮ ಸಾಲುತ್ತದೆಯೇ?

ಛಾಯಾಬಿಂಬ

ತುಂಗಾತೀರದವರ ಎರಡನೆಯ ಪ್ರಶ್ನೆ ಬೇರೆಯೇ ಕೆಲಸ. ಅಲ್ಲಿ ಇಲ್ಲದ ವ್ಯಕ್ತಿಗೆ ಜಾಗ ಮಾಡಬೇಕು, ಎರಡು ಫೋಟೋಗಳ ಬೆಳಕು ಹೊಂದಿಸಬೇಕು, ಮುಖ ಅವರದೇ ಆಗಿ ಉಳಿಯಬೇಕು. ಅದಕ್ಕೆ ಪ್ರತ್ಯೇಕ ಚರ್ಚೆ ತೆರೆದರೆ ನನಗೆ ತಿಳಿದಷ್ಟನ್ನು ಅಲ್ಲಿ ಬರೆಯುತ್ತೇನೆ.

ಎಡಬಲದ ಗೊಂದಲ ಮಾತ್ರ ಖಂಡಿತ ಇದೆ. ಸಾಲಿನಲ್ಲಿ ಯಾರು ಎಂದು ಹೇಳುವಾಗ ಮಾದರಿಗಳು ಸಾಮಾನ್ಯವಾಗಿ ನೋಡುವವರ ಎಡವನ್ನೇ ಹಿಡಿಯುತ್ತವೆ. ಆದರೆ ‘ಅವರ ಎಡ ಭುಜ’ ಎಂದೊಡನೆ ಅದು ಆ ವ್ಯಕ್ತಿಯ ದೇಹದ ಎಡವಾಗಬಹುದು, ನಮ್ಮ ಎಡವೂ ಆಗಬಹುದು. ‘ಚಿತ್ರದ ಎಡ ಅಂಚಿನ ಕಡೆಯ ಭುಜ’ ಎಂದು ಬರೆದರೆ, ಅಥವಾ ‘ಹಸಿರು ಸೀರೆಯವರ ಕಡೆಗಿರುವ ಭುಜ’ ಎಂದರೆ ಇನ್ನೂ ಚೆನ್ನಾಗಿ, ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಪಂಚೆಯ ವಿಚಾರ ಇದಕ್ಕಿಂತ ಮುಖ್ಯ. ಭಾವನವರು ಮುಂದೆ ಬಂದು ನಿಂತದ್ದಕ್ಕೆ ಕಾರಣ ನಿಮ್ಮ ಪ್ರಾಂಪ್ಟಿನಲ್ಲೇ ಇದೆ. ಫೋಟೋದಲ್ಲಿ ಕಾಣದ ಜಾಗಕ್ಕೆ ನೀವು ಉಡುಪು ಕೇಳಿದಿರಿ. ಕೇಳಿದ್ದನ್ನು ತೋರಿಸಬೇಕೆಂಬ ಒತ್ತಡದಲ್ಲಿ ಮಾದರಿ ಕುರ್ಚಿಗಳನ್ನು ಸರಿಸಿ, ಜನರನ್ನು ಸರಿಸಿ, ಪಂಚೆಗೆ ಜಾಗ ಮಾಡಿಕೊಟ್ಟಿದೆ. ಪಾದರಕ್ಷೆ ಕೇಳಿದ್ದರೆ ಚೌಕಟ್ಟನ್ನೇ ಹಿಗ್ಗಿಸುತ್ತಿತ್ತು. ಆದ್ದರಿಂದ ಕಾಣುವ ಭಾಗದ ಉಡುಪನ್ನಷ್ಟೇ ಕೇಳಬೇಕು: ನಿಮ್ಮ ಫೋಟೋದಲ್ಲಿ ಅದು ಅಂಗಿ ಮತ್ತು ಶಲ್ಯ. ಕುರ್ಚಿಯ ಸಂದಿಯ ಜೀನ್ಸ್ ಪಟ್ಟಿಯನ್ನು ಬೇರೆಯಾಗಿಯೇ ನೋಡೋಣ.

ಕೋಲ್ಮಿಂಚು

ನನ್ನ ಅನುಭವದಲ್ಲಿ ವ್ಯಕ್ತಿಯನ್ನು ಸರಿಯಾಗಿ ಹಿಡಿದ ಮೇಲೂ ಕೆಲಸ ಮುಗಿಯುವುದಿಲ್ಲ. ಬಟ್ಟೆ ಬದಲಾಗಬೇಕಾದವರದೇ ಬದಲಾಗಿರುತ್ತದೆ, ಆದರೆ ದೂರದಲ್ಲಿ ನಿಂತ ಅತ್ತಿಗೆಯ ಮುಖ ಯಾರೋ ಬೇರೆಯವರ ಮುಖದಂತೆ ಆಗಿರುತ್ತದೆ. ಇದಕ್ಕೆ ಪರಿಹಾರವಾಗಿ, ಬದಲಾಗಬಾರದ ಪ್ರತಿಯೊಬ್ಬರನ್ನೂ ಬಿಡಿಬಿಡಿಯಾಗಿ ವರ್ಣಿಸಿ, ‘ಇವರನ್ನು ಮುಟ್ಟಬೇಡ’ ಎಂದು ಬರೆಯುವುದು ಒಳ್ಳೆಯದು. ಉದ್ದವಾದಷ್ಟೂ ಸ್ಪಷ್ಟವಾಗುತ್ತದೆ.

ಛಾಯಾಬಿಂಬ

ಮೊದಲ ಅರ್ಧ ಸರಿಯಾಗಿದೆ, ಪರಿಹಾರದ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ಹದಿನಾಲ್ಕು ಜನರ ಬಟ್ಟೆಯ ಬಣ್ಣವನ್ನೆಲ್ಲ ಪ್ರಾಂಪ್ಟಿನಲ್ಲಿ ಹೆಸರಿಸಿದರೆ, ಮೆರೂನ್, ಜರಿ, ಹಸಿರು ಎಂಬ ಮಾತುಗಳು ಯಾರಿಗೆ ಸೇರಬೇಕೋ ಅವರಿಗೇ ಸೇರುತ್ತವೆ ಎಂಬ ಭರವಸೆಯಿಲ್ಲ. ಪಕ್ಕದವರ ಸೀರೆಯ ಅಂಚು ಅಂಗಿಯ ಕಾಲರಿಗೆ ಬಂದದ್ದನ್ನು ನಾನು ನೋಡಿದ್ದೇನೆ. ‘ಉಳಿದವರೆಲ್ಲರೂ ಈಗಿರುವಂತೆಯೇ ಇರಲಿ’ ಎಂಬ ಒಂದು ವಾಕ್ಯ ಸಾಕು.

ಮುಖ ಕೆಡುವುದಕ್ಕೆ ಕಾರಣ ಮಾತಿನ ಕೊರತೆಯಲ್ಲ. ಬರೆದು ಹೇಳಿದಂತೆ ತಿದ್ದುವ ಈ ಮಾದರಿಗಳು ಫೋಟೋದ ಒಂದು ಮೂಲೆಯನ್ನು ಮಾತ್ರ ತಿದ್ದುವುದಿಲ್ಲ, ಇಡೀ ಚಿತ್ರವನ್ನು ನೋಡಿಕೊಂಡು ಇಡೀ ಚಿತ್ರವನ್ನು ಮತ್ತೆ ಬರೆಯುತ್ತವೆ. ನಿಮ್ಮ ಫೋಟೋ 12 ಮೆಗಾಪಿಕ್ಸೆಲ್, ಎಂದರೆ 4000 × 3000 ಎಂದಿಟ್ಟುಕೊಳ್ಳೋಣ. ಎಂಟು ಜನ ಅಗಲಕ್ಕೆ ನಿಂತಾಗ ಒಬ್ಬರ ಮುಖದ ಅಗಲ ಸುಮಾರು 160 ಪಿಕ್ಸೆಲ್ ಇರುತ್ತದೆ. 2025ರಲ್ಲಿ ಬಂದ ಫ್ಲಕ್ಸ್ ಕಾಂಟೆಕ್ಸ್ಟ್‌ನಂತಹ ಮಾದರಿ ಸುಮಾರು ಒಂದು ಮೆಗಾಪಿಕ್ಸೆಲ್ ಅಳತೆಯಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ 4000ದ ಅಗಲ 1200ರ ಆಸುಪಾಸಿಗೆ ಇಳಿಯುತ್ತದೆ, ಮುಖ 47 ಪಿಕ್ಸೆಲ್‌ಗೆ ಕುಗ್ಗುತ್ತದೆ. ಒಳಗೆ ಆ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಮನೆಗಳಾಗಿ ಸಂಕ್ಷೇಪಿಸುವುದರಿಂದ, ಒಂದು ಮುಖಕ್ಕೆ ಅಗಲದಲ್ಲಿ ಆರು ಮನೆಗಳೂ ಪೂರ್ತಿ ಸಿಗುವುದಿಲ್ಲ. ಅಷ್ಟರಲ್ಲಿ ನಿಮ್ಮ ಅತ್ತಿಗೆಯ ಕಣ್ಣು ಅವರದೇ ಕಣ್ಣಾಗಿ ಉಳಿಯುವುದು ಕಷ್ಟ. ‘ಮುಖ ಬದಲಾಯಿಸಬೇಡ’ ಎಂದು ಎಷ್ಟು ಒತ್ತಿ ಬರೆದರೂ ಇಲ್ಲದ ಮಾಹಿತಿ ಹುಟ್ಟುವುದಿಲ್ಲ. ಅಚ್ಚು ಹಾಕಿಸುವವರಿಗಂತೂ ಒಂದು ಮೆಗಾಪಿಕ್ಸೆಲ್ ಚಿತ್ರ ಸಾಲುವುದೇ ಇಲ್ಲ.

ಆದ್ದರಿಂದ ಇಡೀ ಫೋಟೋವನ್ನು ಕೊಡಬೇಡಿ. ಭಾವನವರು ಮತ್ತು ಅಕ್ಕಪಕ್ಕದ ಇಬ್ಬರು ಬರುವಂತೆ 1200 × 1200ರ ಒಂದು ಚೌಕವನ್ನು ಕತ್ತರಿಸಿಕೊಳ್ಳಿ. ಅದು 1024 × 1024ಕ್ಕೆ ಇಳಿದರೂ ಮುಖ 137 ಪಿಕ್ಸೆಲ್ ಉಳಿಯುತ್ತದೆ. ಜೊತೆಗೆ ನಿಮ್ಮ ಮೂಲ ಪ್ರಶ್ನೆಯೂ ಮುಕ್ಕಾಲು ಪಾಲು ಇಲ್ಲಿಯೇ ಪರಿಹಾರವಾಗುತ್ತದೆ, ಏಕೆಂದರೆ ಹದಿನಾಲ್ಕು ಜನರಲ್ಲಿ ಒಬ್ಬರನ್ನು ತೋರಿಸಬೇಕಿದ್ದ ಜಾಗದಲ್ಲಿ ಈಗ ಮೂವರಲ್ಲಿ ನಡುವಿನವರನ್ನು ತೋರಿಸಿದರಾಯಿತು. ಅವರೊಬ್ಬರನ್ನೇ ಕತ್ತರಿಸಬಾರದೇ ಎಂದರೆ, ಬಾರದು. ಭುಜದ ಮೇಲಿನ ಕೈ ಯಾರದೆಂದು ಮಾದರಿಗೆ ತಿಳಿಯದೆ ಅದನ್ನು ಅಳಿಸಿಬಿಡಬಹುದು ಅಥವಾ ಭಾವನವರಿಗೇ ಮೂರನೆಯ ಕೈಯನ್ನು ಅಂಟಿಸಬಹುದು.

ಕತ್ತರಿಸಿದ ತುಣುಕಿಗೆ ನಾನಾದರೆ ಹೀಗೆ ಬರೆಯುತ್ತೇನೆ:

```
ನಿಂತಿರುವ ಮೂವರಲ್ಲಿ ನಡುವಿನವರ, ಎಂದರೆ ಕನ್ನಡಕ ಹಾಕಿ
ಕಡುನೀಲಿ ಟೀ ಶರ್ಟ್ ತೊಟ್ಟ ಗಂಡಸಿನ ಮೇಲುಡುಪನ್ನು ಮಾತ್ರ ಬದಲಾಯಿಸಿ.
ಟೀ ಶರ್ಟಿನ ಬದಲು ತುಂಬುತೋಳಿನ, ಕಾಲರ್ ಇರುವ ಬಿಳಿ ಹತ್ತಿ ಅಂಗಿ ಇರಲಿ.
ಹಸಿರು ಸೀರೆಯವರ ಕಡೆಗಿರುವ ಭುಜದ ಮೇಲೆ, ಕಿರಿದಾದ ಜರಿ ಅಂಚಿನ
ಬಿಳಿ ಶಲ್ಯವನ್ನು ಉದ್ದಕ್ಕೆ ಮಡಿಸಿ ಇಳಿಬಿಟ್ಟಿರಲಿ.
ಇನ್ನೊಂದು ಭುಜದ ಮೇಲೆ ಪಕ್ಕದವರು ಇಟ್ಟ ಕೈ ಇದ್ದಲ್ಲೇ ಇರಲಿ.
ಅವರ ಮುಖ, ಕನ್ನಡಕ, ನಿಲುವು, ಉಳಿದವರೆಲ್ಲರೂ, ಹಿನ್ನೆಲೆ, ಬೆಳಕು
ಮತ್ತು ಚೌಕಟ್ಟು ಈಗಿರುವಂತೆಯೇ ಇರಲಿ.
```

‘ನಿಂತಿರುವ’ ಎಂಬ ಮಾತನ್ನು ಬಿಡಬೇಡಿ. ಚೌಕದ ಕೆಳಗಡೆ ಕುಳಿತವರ ತಲೆಗಳು ಬರುತ್ತವೆ, ಆಗ ‘ಮೂವರಲ್ಲಿ ನಡುವಿನವರು’ ಎಂಬುದು ಮತ್ತೆ ಸಂದಿಗ್ಧವಾಗುತ್ತದೆ. ಶಲ್ಯವನ್ನು ಕೈ ಇಲ್ಲದ ಭುಜಕ್ಕೆ ಹಾಕಿದ್ದೂ ಉದ್ದೇಶಪೂರ್ವಕವೇ. ಬೆರಳುಗಳ ಕೆಳಗೆ ಮಡಿಕೆ ಬಟ್ಟೆಯನ್ನು ತೂರಿಸಲು ಹೇಳಿದರೆ ಬೆರಳುಗಳೇ ಹಾಳಾಗುತ್ತವೆ. ಮನೆಯಲ್ಲಿ ಅಂತಹ ಶಲ್ಯ ಇದ್ದರೆ, ಯಾರಾದರೂ ಹೆಗಲಿಗೆ ಹಾಕಿಕೊಂಡ ಫೋಟೋವನ್ನು ಎರಡನೆಯ ಚಿತ್ರವಾಗಿ ಕೊಟ್ಟು, ‘ಶಲ್ಯವನ್ನು ಮಾತ್ರ ಎರಡನೆಯ ಚಿತ್ರದಿಂದ ತೆಗೆದುಕೊಳ್ಳಿ’ ಎನ್ನಬಹುದು. ಆ ಫೋಟೋದಲ್ಲಿ ಮುಖ ಬಾರದಂತೆ ಕತ್ತರಿಸಿ ಕೊಡಿ, ಇಲ್ಲವಾದರೆ ಆ ಮುಖವೂ ಜೊತೆಗೆ ಬಂದೀತು.

ಅರಳಿಕಟ್ಟೆ

ಕನ್ನಡದಲ್ಲಿ ಬರೆದ ಇಷ್ಟು ಉದ್ದದ ಪ್ರಾಂಪ್ಟನ್ನು ಅವು ಓದುತ್ತವೆಯೇ? ನಾನು ನನ್ನ ಕಂಪ್ಯೂಟರಿನಲ್ಲಿ ಫ್ಲಕ್ಸ್ ಹಾಕಿಕೊಂಡು ಕನ್ನಡದಲ್ಲಿ ಬರೆದಾಗ ಪ್ರಾಂಪ್ಟಿಗೂ ಚಿತ್ರಕ್ಕೂ ಸಂಬಂಧವೇ ಇರಲಿಲ್ಲ.

ಛಾಯಾಬಿಂಬ

ನಿಮ್ಮ ಅನುಭವ ಸರಿಯಾದುದೇ. ಜೆಮಿನಿ, ಚಾಟ್‌ಜಿಪಿಟಿಗಳಲ್ಲಿ ಚಿತ್ರ ತಿದ್ದುವ ಭಾಗದ ಹಿಂದೆ ಕನ್ನಡ ಬಲ್ಲ ಭಾಷಾ ಮಾದರಿ ಇರುವುದರಿಂದ ಅಲ್ಲಿ ಕನ್ನಡ ನಡೆಯುತ್ತದೆ. ಫ್ಲಕ್ಸ್ ಕಾಂಟೆಕ್ಸ್ಟ್ ಪಠ್ಯವನ್ನು ಓದಲು ಬಳಸುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಕಲಿತ ಭಾಗಗಳನ್ನು, ಹಾಗಾಗಿ ಅದಕ್ಕೆ ಇಂಗ್ಲಿಷಿನಲ್ಲೇ ಬರೆಯಬೇಕು. ವ್ಯಕ್ತಿಯನ್ನು ತೋರಿಸುವ ಕ್ರಮ ಎರಡರಲ್ಲೂ ಒಂದೇ.

ಹೊಳೆದಂಡೆ

ಕತ್ತರಿಸಿದ ತುಣುಕಿಗೆ ಈ ಪ್ರಾಂಪ್ಟನ್ನೇ ಕೊಟ್ಟೆ. ಅಂಗಿ, ಶಲ್ಯ ಎರಡೂ ಭಾವನವರಿಗೇ ಬಂದವು, ತಮ್ಮನ ಕುರ್ತಾ ತಿಳಿನೀಲಿಯಾಗಿಯೇ ಉಳಿದಿದೆ. ಆದರೆ ಈ ತುಣುಕನ್ನು ಮೂಲ ಫೋಟೋದ ಮೇಲೆ ಇಟ್ಟರೆ ಸುತ್ತ ಒಂದು ಚೌಕದ ಗೆರೆ ಕಾಣುತ್ತಿದೆ, ಅತ್ತೆಯ ಕಿವಿಯೋಲೆಯೂ ಸ್ವಲ್ಪ ಬೇರೆಯಾಗಿದೆ ಎನ್ನಿಸುತ್ತಿದೆ.

ಛಾಯಾಬಿಂಬ

ಎನ್ನಿಸುತ್ತಿದೆ ಎಂದು ಬಿಡಬೇಡಿ, ಪರೀಕ್ಷಿಸಿ ನೋಡಬಹುದು. ಉಚಿತವಾಗಿ ಸಿಗುವ, ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್ ಸಾಕು. ಮೂಲ ಫೋಟೋ ಕೆಳಗಿನ ಲೇಯರ್ ಆಗಿರಲಿ. ತಿದ್ದಿದ ತುಣುಕನ್ನು ಮತ್ತೆ 1200 × 1200ಕ್ಕೆ ಹಿಗ್ಗಿಸಿ ಅದರ ಜಾಗದಲ್ಲಿ ಮೇಲಿನ ಲೇಯರ್ ಆಗಿ ಇಡಿ. ಮೇಲಿನ ಲೇಯರಿನ ಮೋಡನ್ನು ಡಿಫರೆನ್ಸ್‌ಗೆ ಬದಲಾಯಿಸಿ. ಎರಡೂ ಒಂದೇ ಆಗಿರುವ ಕಡೆ ಕಪ್ಪಾಗುತ್ತದೆ, ಬದಲಾದ ಕಡೆ ಬೆಳ್ಳಗೆ ಅಥವಾ ಬಣ್ಣಬಣ್ಣವಾಗಿ ಹೊಳೆಯುತ್ತದೆ. ಅಂಗಿಯ ಜಾಗ ಹೊಳೆಯಲೇಬೇಕು. ಎಲ್ಲರ ದೇಹದ ಅಂಚಿನಲ್ಲೂ ತೆಳುವಾದ ಗೆರೆಯೊಂದು ಒಂದೇ ದಿಕ್ಕಿಗೆ ಕಂಡರೆ ತುಣುಕು ಒಂದೆರಡು ಪಿಕ್ಸೆಲ್ ಸರಿದಿದೆ ಎಂದರ್ಥ. ಬಾಣದ ಕೀಲಿಗಳಿಂದ ಸರಿಸುತ್ತ ಹೋದರೆ ಗೆರೆ ಮಾಯವಾಗುವ ಜಾಗ ಸಿಗುತ್ತದೆ. ಅತ್ತೆಯ ಕಿವಿಯ ಬಳಿ ಮಾತ್ರ ಬೆಳಗಿದರೆ ಓಲೆ ನಿಜವಾಗಿಯೂ ಬದಲಾಗಿದೆ.

ಬದಲಾಗಿದ್ದರೂ ಚಿಂತೆಯಿಲ್ಲ. ಮೋಡನ್ನು ನಾರ್ಮಲ್‌ಗೆ ತಂದು, ಮೇಲಿನ ಲೇಯರಿಗೆ ಅದನ್ನು ಪೂರ್ತಿ ಮರೆಮಾಡುವ ಕಪ್ಪು ಲೇಯರ್ ಮಾಸ್ಕ್ ಹಾಕಿ, ಅಂಚು ಮೃದುವಾದ ಬಿಳಿ ಬ್ರಷ್ಷಿನಿಂದ ಅಂಗಿ ಮತ್ತು ಶಲ್ಯದ ಮೇಲಷ್ಟೇ ಬಳಿಯಿರಿ. ಆಗ ಹೊಸ ಚಿತ್ರದಿಂದ ಬರುವುದು ಬಟ್ಟೆ ಮಾತ್ರ. ಅತ್ತೆಯ ಓಲೆ, ತಮ್ಮನ ಬೆರಳು, ಭಾವನವರದೇ ಮುಖ, ಎಲ್ಲವೂ ಮೂಲ ಫೋಟೋದ್ದೇ ಆಗಿರುತ್ತವೆ, ಚೌಕದ ಗೆರೆಯೂ ಹೋಗುತ್ತದೆ. ಕುತ್ತಿಗೆಯ ಬಳಿ ಎಚ್ಚರಿಕೆ ಬೇಕು. ಟೀ ಶರ್ಟಿನ ದುಂಡು ಕೊರಳು ಕಂಡಿದ್ದ ಜಾಗವನ್ನು ಕಾಲರ್ ಪೂರ್ತಿ ಮುಚ್ಚದಿದ್ದರೆ ನೀಲಿ ಎಳೆಯೊಂದು ಉಳಿಯುತ್ತದೆ, ಅಲ್ಲಿ ಕಾಲರಿನೊಂದಿಗೆ ಅದು ಬೀಳಿಸುವ ನೆರಳನ್ನೂ ಹೊಸ ಚಿತ್ರದಿಂದಲೇ ತೆಗೆದುಕೊಳ್ಳಿ.

ಕೋಲ್ಮಿಂಚು

ಇಷ್ಟೆಲ್ಲ ಕೈಕೆಲಸ ಮಾಡುವುದಾದರೆ ಪ್ರಾಂಪ್ಟಿನಲ್ಲಿ ವ್ಯಕ್ತಿಯನ್ನು ತೋರಿಸುವ ಪ್ರಯಾಸವಾದರೂ ಏಕೆ? ಫೋಟೋಶಾಪಿನ ಜನರೇಟಿವ್ ಫಿಲ್‌ನಲ್ಲಿ ಟೀ ಶರ್ಟನ್ನು ಆಯ್ದುಕೊಂಡು ‘ಬಿಳಿ ಅಂಗಿ’ ಎಂದರೆ ಮುಗಿಯಿತು. ಆಯ್ಕೆಯ ಹೊರಗಿರುವುದನ್ನು ಅದು ಮುಟ್ಟುವುದಿಲ್ಲ.

ಛಾಯಾಬಿಂಬ

ಫೋಟೋಶಾಪ್ ಇರುವವರಿಗೆ ಅದು ಒಳ್ಳೆಯ ದಾರಿಯೇ, ನನ್ನ ಅಂಗಡಿಯಲ್ಲಿ ನಾನೂ ಬಳಸುತ್ತೇನೆ. ಅಲ್ಲಿ ತೋರುವ ಕೆಲಸವನ್ನು ಆಯ್ಕೆಯೇ ಮಾಡುತ್ತದೆ. ಆದರೆ ಆಯ್ಕೆ ಟೀ ಶರ್ಟಿನ ಅಂಚಿಗೆ ಬಿಗಿಯಾಗಿದ್ದರೆ ಹೊಸ ಅಂಗಿಯೂ ಟೀ ಶರ್ಟಿನ ಆಕಾರದಲ್ಲೇ ಬರುತ್ತದೆ. ತುಂಬುತೋಳು ಬೇಕೆಂದರೆ ಬರಿದಾದ ಮುಂಗೈಯನ್ನೂ, ಶಲ್ಯ ಬೇಕೆಂದರೆ ಭುಜದ ಮೇಲಿನ ಒಂದಿಷ್ಟು ಜಾಗವನ್ನೂ ಆಯ್ಕೆಯೊಳಗೆ ತರಬೇಕು, ಭುಜದ ಮೇಲಿನ ಕೈಯನ್ನು ಹೊರಗಿಡಬೇಕು. ಯಾವುದು ಸುಲಭ ಎಂಬುದು ಅವರವರ ಕೈಗೆ ಬಿಟ್ಟದ್ದು.

ಹೊಂಗೆನೆರಳು

ನನ್ನದು ಬೇರೆ ರೀತಿಯ ತೊಂದರೆ. ನಮ್ಮ ವಾಲಿಬಾಲ್ ತಂಡದ ಫೋಟೋದಲ್ಲಿ ಎಲ್ಲರದೂ ಒಂದೇ ಜೆರ್ಸಿ, ಎಲ್ಲರದೂ ಒಂದೇ ತರಹದ ಕ್ಷೌರ. ಲಿಬೆರೊ ಆಡುವವನಿಗೆ ನಿಯಮದ ಪ್ರಕಾರ ಬೇರೆ ಬಣ್ಣದ ಜೆರ್ಸಿ ಇರಬೇಕಿತ್ತು, ಅವನು ಅಂದು ಅದನ್ನು ತಂದಿರಲಿಲ್ಲ. ಅವನ ಒಪ್ಪಿಗೆ ಪಡೆದೇ ಬದಲಾಯಿಸುತ್ತಿದ್ದೇವೆ. ಇಲ್ಲಿ ಬಟ್ಟೆಯಿಂದ ಗುರುತಿಸಲು ಸಾಧ್ಯವೇ ಇಲ್ಲ. ಎದೆಯ ಮೇಲಿನ ಸಂಖ್ಯೆಯನ್ನು ಹೇಳಬಹುದೇ?

ಛಾಯಾಬಿಂಬ

ಸಂಖ್ಯೆ ಪೂರ್ತಿಯಾಗಿ ಕಾಣುತ್ತಿದ್ದು, ಬೇರೆ ಯಾರದೂ ಅದರಂತೆ ತೋರದಿದ್ದರೆ ಹೇಳಬಹುದು. ಕೈಕಟ್ಟಿ ನಿಂತಾಗ 16ರಲ್ಲಿ 6 ಮಾತ್ರ ಕಂಡರೆ ಮಾದರಿ ನಿಜವಾದ 6ನೆಯವನನ್ನು ಹಿಡಿಯಬಹುದು. ನಾನಾಗಿದ್ದರೆ ಇಲ್ಲಿಯೂ ಮೂವರ ಚೌಕ ಕತ್ತರಿಸಿ ‘ನಡುವಿನವನು’ ಎನ್ನುತ್ತೇನೆ. ಹೊಸ ಜೆರ್ಸಿಯ ಮೇಲೆ ಅದೇ ಸಂಖ್ಯೆ, ಅದೇ ಅಕ್ಷರಶೈಲಿಯಲ್ಲಿ ಇರಲಿ ಎಂದು ಮರೆಯದೆ ಬರೆಯಿರಿ.

ಕೋಲ್ಮಿಂಚು

ಸಂಖ್ಯೆಯ ವಿಷಯದಲ್ಲಿ ನೀವು ಅನಗತ್ಯವಾಗಿ ಅಂಜುತ್ತಿದ್ದೀರಿ. ಹೊಸ ಮಾದರಿಗಳು ಚಿತ್ರದೊಳಗಿನ ಬರಹವನ್ನು ಚೆನ್ನಾಗಿಯೇ ಓದುತ್ತವೆ, ನನಗೆ ಇದುವರೆಗೆ ತಪ್ಪಿಲ್ಲ.

ಛಾಯಾಬಿಂಬ

ಓದುವುದು ಬೇರೆ, ಓದಿದ ಜಾಗದಲ್ಲಿ ಮಾತ್ರ ಕೈಯಾಡಿಸುವುದು ಬೇರೆ. ಹೊಂಗೆನೆರಳಿನವರು ಎರಡೂ ರೀತಿ ಮಾಡಿ, ಡಿಫರೆನ್ಸ್ ಹಾಕಿ ನೋಡಿ ಹೇಳಲಿ.

ಹೊಳೆದಂಡೆ

ಮಾಸ್ಕ್ ಹಾಕಿದ ಮೇಲೆ ಚೌಕದ ಗೆರೆ ಹೋಗಿದೆ, ಕಾಲರಿನ ನೆರಳೂ ಕುಳಿತಿದೆ. ಎರಡು ವಿಷಯ ಉಳಿದಿವೆ. ಹಜಾರದ ಹಳದಿ ಬಲ್ಬಿನ ಬೆಳಕಿನಲ್ಲಿ ದೊಡ್ಡಪ್ಪನವರ ಬಿಳಿ ಅಂಗಿ ಕೆನೆಬಣ್ಣವಾಗಿ ಕಾಣುತ್ತದೆ, ಭಾವನವರ ಹೊಸ ಅಂಗಿ ಮಾತ್ರ ಹಾಲಿನಂತೆ ಬೆಳ್ಳಗಿದೆ. ಕುರ್ಚಿಗಳ ಸಂದಿಯಲ್ಲಿ ಜೀನ್ಸ್ ಇನ್ನೂ ಇಣುಕುತ್ತಿದೆ.

ಛಾಯಾಬಿಂಬ

ಬಣ್ಣಕ್ಕಾಗಿ ಮತ್ತೆ ಪ್ರಾಂಪ್ಟ್ ಬರೆಯಬೇಡಿ, ಅಂಗಿಯ ಮಡಿಕೆಗಳೆಲ್ಲ ಹೊಸದಾಗಿ ಬಂದು ಮಾಸ್ಕಿನ ಕೆಲಸ ಮೊದಲಿನಿಂದ ಆಗಬೇಕಾಗುತ್ತದೆ. ಮಾಸ್ಕ್ ಇರುವ ಲೇಯರಿನ ಕಲರ್ ಬ್ಯಾಲೆನ್ಸ್‌ನಲ್ಲಿ ಹಳದಿಯತ್ತ ಸ್ವಲ್ಪ, ಕೆಂಪಿನತ್ತ ಅದಕ್ಕಿಂತ ಕಡಿಮೆ ಸರಿಸಿ, ದೊಡ್ಡಪ್ಪನವರ ಅಂಗಿಗೆ ಹೋಲಿಸುತ್ತ ನಿಲ್ಲಿಸಿ. ಹೊಸ ಬಟ್ಟೆ ಉಳಿದ ಫೋಟೋಗಿಂತ ನುಣುಪಾಗಿ ಕಂಡರೆ ತುಸು ನಾಯ್ಸ್ ಸೇರಿಸಿದರೆ ಹೊಂದಿಕೊಳ್ಳುತ್ತದೆ.

ಸಂದಿಯ ಜೀನ್ಸ್‌ಗೆ ಮಾದರಿಯೇ ಬೇಡ. ಅಷ್ಟು ಸಣ್ಣ ಪಟ್ಟಿಯನ್ನು ತೋರಿಸಿ ಪಂಚೆ ಎಂದರೆ ಅದು ಮತ್ತೆ ಕುರ್ಚಿಯನ್ನು ಸರಿಸೀತು. ಆ ಪಟ್ಟಿಯನ್ನು ಆಯ್ದು ಬಣ್ಣವನ್ನು ಪೂರ್ತಿ ತೆಗೆದು, ಕರ್ವ್ಸ್‌ನಲ್ಲಿ ಬೆಳಕನ್ನು ಏರಿಸಿ, ಅಂಗಿಗೆ ಕೊಟ್ಟಷ್ಟೇ ಹಳದಿ ಕೊಡಿ. ಹೇಗೂ ನೆರಳಿನಲ್ಲಿರುವ ಜಾಗ, ಅಚ್ಚಿನಲ್ಲಿ ಅದು ಪಂಚೆಯಂತೆಯೇ ಕಾಣುತ್ತದೆ.

ಹೊಂಗೆನೆರಳು

ಎರಡೂ ರೀತಿ ಮಾಡಿ ನೋಡಿದೆ. ಸಂಖ್ಯೆ ಹೇಳಿದಾಗ ಸರಿಯಾದವನೇ ಸಿಕ್ಕಿದ, ಆದರೆ ಡಿಫರೆನ್ಸ್‌ನಲ್ಲಿ ಇನ್ನಿಬ್ಬರ ಎದೆಯ ಸಂಖ್ಯೆಗಳೂ ಬೆಳಗುತ್ತಿವೆ. ಮೂವರ ಚೌಕದಲ್ಲಿ ಪಕ್ಕದವರ ಸಂಖ್ಯೆಗಳು ಕಪ್ಪಾಗಿಯೇ ಇವೆ, ಆದರೆ ಲಿಬೆರೊನ ಹೊಸ ಜೆರ್ಸಿಯಲ್ಲಿ ಸಂಖ್ಯೆಯ ಕೆಳಗಿದ್ದ ತಂಡದ ಹೆಸರು ಅಸ್ಪಷ್ಟ ಗೀಟುಗಳಾಗಿದೆ. ಹೆಸರನ್ನು ಪಕ್ಕದವನ ಜೆರ್ಸಿಯಿಂದ ನಕಲು ಮಾಡಿ ಅಂಟಿಸೋಣವೆಂದರೆ ಅವನು ಸ್ವಲ್ಪ ಓರೆಯಾಗಿ ನಿಂತಿದ್ದಾನೆ. ಗಿಂಪಿನಲ್ಲಿ ಆ ಓರೆಯನ್ನು ಯಾವ ಸಾಧನದಿಂದ ನೆಟ್ಟಗೆ ಮಾಡುವುದು ಒಳ್ಳೆಯದೆಂದು ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.